ಶೇರು ಬಿಡುಗಡೆಯ ಖರ್ಚು: ಹೂಡಿಕೆಗೆ ಸೇರಿಸಬೇಕಾ, ಡಿಸ್ಕೌಂಟ್ ದರಕ್ಕಾ?

ಪ್ರಶ್ನೆ: ಹೊಸ ಘಟಕಕ್ಕೆ 100 ಲಕ್ಷ ಬೇಕು. 60 ಲಕ್ಷ ಹೊಸ ಶೇರಿನಿಂದ, 40 ಲಕ್ಷ ಸಾಲದಿಂದ. ಶೇರು ಬಿಡುಗಡೆಗೆ ಶೇ 6, ಸಾಲದ ಪ್ರೊಸೆಸಿಂಗ್‌ಗೆ ಶೇ 1 ಖರ್ಚಾಗುತ್ತದೆ. ಘಟಕದಿಂದ 5 ವರ್ಷ, ವರ್ಷಕ್ಕೆ 28 ಲಕ್ಷ ಬರುತ್ತದೆ. ನಮ್ಮ ಬಂಡವಾಳದ ಸರಾಸರಿ ವೆಚ್ಚ ಶೇ 11; ಮುಂದೆ ಬರುವ ಹಣವನ್ನು ಇಂದಿನ ಬೆಲೆಗೆ ಇಳಿಸುವ ಡಿಸ್ಕೌಂಟ್ ದರವೂ ಅದೇ. ನಮ್ಮ ಹಿರಿಯರು ಆ ದರವನ್ನು 11.5ಕ್ಕೆ ಏರಿಸಿ ಲೆಕ್ಕ ಹಾಕಿದರು, ಲಾಭ ಬಂತು. ನಾನು ಖರ್ಚನ್ನು ಹೂಡಿಕೆಗೆ ಸೇರಿಸಿದೆ, ನಷ್ಟ ಬಂತು. ಯಾರದು ಸರಿ?

ಉತ್ತರ: ನಿಮ್ಮದು ಸರಿ. ಆದರೆ ಹಿರಿಯರ ದಾರಿ ಎಲ್ಲಿ ತಪ್ಪುತ್ತದೆ ಅಂತ ತೋರಿಸದಿದ್ದರೆ ಅವರು ಒಪ್ಪುವುದಿಲ್ಲ, ಅಲ್ವಾ? ಹಳೆಯ ಪಠ್ಯಪುಸ್ತಕಗಳು ಕಲಿಸಿದ್ದು ಅವರ ದಾರಿಯನ್ನೇ.

ಮೊದಲು ನಿಮ್ಮ ಲೆಕ್ಕ. 60 ಲಕ್ಷದ ಪಾಲಿಗೆ ಶೇ 6, 40 ಲಕ್ಷದ ಪಾಲಿಗೆ ಶೇ 1. ಸರಾಸರಿ ಶೇ 4. ಇಲ್ಲಿ ಸುಮ್ನೆ 104 ಲಕ್ಷ ಅಂತ ಬರೆದುಬಿಡುವವರು ಜಾಸ್ತಿ. ಅದು ಸಾಲುವುದಿಲ್ಲ. ಎತ್ತಿದ ಒಟ್ಟು ಹಣದಲ್ಲಿ ಶೇ 4 ಹೋಗಿ ಕೈಗೆ 100 ಉಳಿಯಬೇಕು. ಹಾಗಾಗಿ 100ನ್ನು 0.96ರಿಂದ ಭಾಗಿಸಬೇಕು: 104.17 ಲಕ್ಷ. ಶೇ 11ರಲ್ಲಿ ಐದು ವರ್ಷದ 28 ಲಕ್ಷಗಳ ಇಂದಿನ ಬೆಲೆ 103.49. ಸುಮಾರು 0.68 ಲಕ್ಷ ಕೊರತೆ. ಘಟಕ ಬೇಡ.

ಈಗ ಹಿರಿಯರ 11.5 ಎಲ್ಲಿಂದ ಬಂತು ನೋಡೋಣ. ಶೇರಿನ ಬೆಲೆ 50, ಮುಂದಿನ ವರ್ಷದ ಡಿವಿಡೆಂಡ್ 5, ಬೆಳವಣಿಗೆ ಶೇ 4 ಎಂದುಕೊಳ್ಳಿ. 5ನ್ನು 50ರಿಂದ ಭಾಗಿಸಿ 4 ಕೂಡಿದರೆ ಶೇರುದಾರರು ಕೇಳುವ ದರ ಶೇ 14. ಖರ್ಚು ಕಳೆದು ಕೈಗೆ ಬರುವುದು 47 ಮಾತ್ರ ಅಂತ ಹಿಡಿದರೆ ಅದು ಶೇ 14.64 ಆಗುತ್ತದೆ. ಸಾಲದ ದರ, ತೆರಿಗೆ ಕಳೆದು, 6.5ರಿಂದ ಸುಮಾರು 6.8ಕ್ಕೆ ಏರುತ್ತದೆ. 60:40 ಪಾಲು ಹಾಕಿದರೆ 11.5. ಆ ದರದಲ್ಲಿ ಐದು ವರ್ಷದ ಹಣದ ಹರಿವಿನ ಇಂದಿನ ಬೆಲೆ 102.20, ಹೂಡಿಕೆ 100. ಹಾಗಾಗಿ 2.20 ಲಕ್ಷ ಲಾಭ ಕಾಣಿಸಿತು.

ಎರಡು ದರಗಳ ನಡುವೆ ಹರಿವಿನ ಬೆಲೆ ಇಳಿದದ್ದು 1.29 ಲಕ್ಷ. ನಿಜವಾಗಿ ಕೈಬಿಟ್ಟು ಹೋದದ್ದು 4.17 ಲಕ್ಷ. ಉಳಿದದ್ದು ಎಲ್ಲಿ ಹೋಯಿತು? ಆ ಡಿವಿಡೆಂಡ್ ಸೂತ್ರ ಶೇರಿಗೆ ಕೊನೆಯೇ ಇಲ್ಲ ಎಂದು ನಂಬುತ್ತದೆ. ಒಂದೇ ಸಲ ಕೊಟ್ಟ ಖರ್ಚನ್ನು ಅದು ಕೊನೆಯಿಲ್ಲದ ವರ್ಷಗಳಿಗೆ ಕಂತು ಮಾಡಿ ಹಂಚುತ್ತದೆ. ನಿಮ್ಮ ಘಟಕ ಐದೇ ಕಂತು ಕಟ್ಟಿ ಮುಚ್ಚಿತು. ಪ್ರತಿ ವರ್ಷ ಒಂದೇ ಮೊತ್ತ ಬರುತ್ತಾ ಎಂದೂ ನಿಲ್ಲದ ಘಟಕವಾಗಿದ್ದರೆ ಎರಡೂ ದಾರಿ ಹೆಚ್ಚುಕಡಿಮೆ ಒಂದೇ ಕಡೆ ಸೇರುತ್ತಿದ್ದವು.

ದರ ಏರಿಸಿದರೆ ಯಾವಾಗಲೂ ಪ್ರಾಜೆಕ್ಟ್ ಚೆನ್ನಾಗಿ ಕಾಣುತ್ತದೆ ಅಂತಲೂ ಅಲ್ಲ. 15 ವರ್ಷ ಏನೂ ಬರದೆ ಕೊನೆಗೆ ಒಂದೇ ಸಲ 510 ಲಕ್ಷ ಬರುವ ಮರದ ತೋಪು ಎಂದುಕೊಳ್ಳಿ. ಶೇ 11ರಲ್ಲಿ ಬೆಲೆ 106.59, 104.17 ಕಳೆದರೂ 2.42 ಲಕ್ಷ ಲಾಭ. ಶೇ 11.5ರಲ್ಲಿ 99.64, ನಷ್ಟ! ಇಲ್ಲಿ ಆ ಅರ್ಧ ಶೇಕಡ 15 ವರ್ಷ ಚಕ್ರಬಡ್ಡಿಯಾಗಿ ಬೆಳೆದು, ಖರ್ಚಿಗಿಂತ ಜಾಸ್ತಿ ಹಣವನ್ನು ಕತ್ತರಿಸಿತು. ಡಿಸ್ಕೌಂಟ್ ದರ ಹೇಳಬೇಕಾದ್ದು ಪ್ರಾಜೆಕ್ಟಿನ ಅಪಾಯವನ್ನು. ಶೇರು ಮಾರಿಸಿಕೊಡುವ ಅಂಡರ್‌ರೈಟರ್‌ಗೆ ಕೊಟ್ಟ ಫೀ ಆ ಅಪಾಯವನ್ನು ಹೆಚ್ಚಿಸುವುದಿಲ್ಲ.

ಹಿರಿಯರ ಗೊಂದಲಕ್ಕೆ ಇನ್ನೊಂದು ಕಾರಣ ಇರಬಹುದು. ಐಎಫ್‌ಆರ್‌ಎಸ್ 9 ಎಂಬ ಲೆಕ್ಕಪತ್ರ ಮಾನದಂಡದ ಪ್ರಕಾರ ಸಾಲದ ಫೀಯನ್ನು ಸಾಮಾನ್ಯವಾಗಿ ಪರಿಣಾಮಕಾರಿ ಬಡ್ಡಿದರದ ಒಳಗೇ ಸೇರಿಸಿ ವರ್ಷವರ್ಷಕ್ಕೆ ಹಂಚುತ್ತಾರೆ. ಲೆಕ್ಕಪತ್ರ ಬರೆಯಲು ಅದು ಸರಿ. ಪ್ರಾಜೆಕ್ಟ್ ತೂಗುವಾಗ ಹಣ ಯಾವತ್ತು ಕೈಬಿಟ್ಟಿತು ಅನ್ನುವುದಷ್ಟೇ ಮುಖ್ಯ.

ನಿಮ್ಮ ಹಾಳೆಯಲ್ಲೂ ಮೂರು ಕಡೆ ಕಣ್ಣು ಹಾಯಿಸಿ. ಶೇರಿನ 60ರಲ್ಲಿ ಒಂದು ಪಾಲು ಕಂಪನಿ ಉಳಿಸಿಕೊಂಡ ಲಾಭದಿಂದ ಬರುವುದಾದರೆ ಅದಕ್ಕೆ ಬಿಡುಗಡೆ ಖರ್ಚಿಲ್ಲ. ಆ ಭಾಗಕ್ಕೆ ಶೇ 6 ಹಾಕಬೇಡಿ. ಫೀಯಿಂದ ತೆರಿಗೆ ಉಳಿಯುವುದಾದರೆ, ಅದು ಉಳಿಯುವ ವರ್ಷಗಳಲ್ಲಿ ಹರಿವಿಗೆ ಸೇರಿಸಿ. ಕೊರತೆ 0.68 ಮಾತ್ರ ಇರುವಾಗ ಇವೆರಡೂ ಉತ್ತರವನ್ನೇ ತಿರುಗಿಸಬಲ್ಲವು. ಇನ್ನು ಅರ್ಜಿಯ ಜೊತೆ ಈಗಾಗಲೇ ಕಟ್ಟಿ, ವಾಪಸ್ ಬರದ ಫೀ ಏನಾದರೂ ಇದ್ದರೆ ಅದನ್ನು ಲೆಕ್ಕದಿಂದ ತೆಗೆಯಿರಿ. ಘಟಕ ಕಟ್ಟಿದರೂ ಬಿಟ್ಟರೂ ಆ ಹಣ ಹೋದದ್ದೇ.