ಸಾರಾಂಶ ಬಿಡಿ, ಏನು ಬೇಕೋ ಅದನ್ನು ಕೇಳಿ

ಪ್ರಶ್ನೆ: 40 ಪುಟದ ವರದಿಯನ್ನು ಮ್ಯಾನೇಜರ್‌ಗೆ ಮೇಲ್ ಮಾಡಬೇಕು. ಎಲ್ಲ ಅಧ್ಯಾಯಗಳೂ ಬರುವ ಹಾಗೆ ಮೇಲ್‌ನಲ್ಲೇ ಚಿಕ್ಕದಾಗಿ ಸಾರಾಂಶ ಬರೆಯೋದು ಹೇಗೆ?

ಎಲ್ಲ ಅಧ್ಯಾಯಗಳೂ ಬರಬೇಕು ಅನ್ನೋದನ್ನೇ ಮೊದಲು ಬಿಡಿ. ನಾನು ಹಾಗೆ ಬರೆದೇ ಕೆಟ್ಟವನು.

ಆಫೀಸಿನ ಬ್ಯಾಕಪ್ ವ್ಯವಸ್ಥೆಯನ್ನು ಪರೀಕ್ಷೆ ಮಾಡಿ 38 ಪುಟ ಬರೆದಿದ್ದೆ. ಮೇಲ್‌ನಲ್ಲಿ ಅಧ್ಯಾಯಕ್ಕೊಂದು ಪ್ಯಾರಾ. ಯಾಕೆ ಶುರು ಮಾಡಿದೆವು, ಹೇಗೆ ಪರೀಕ್ಷಿಸಿದೆವು, ಹೀಗೆ ಐದು ಪ್ಯಾರಾ. ಎಲ್ಲದರ ಕೆಳಗೆ, ನನ್ನ ಹೆಸರಿನ ಹತ್ತಿರ, "ಡಿಸ್ಕ್ ಬಗ್ಗೆ ನಿಮ್ಮ ಅಭಿಪ್ರಾಯ ತಿಳಿಸಿ" ಅಂತ ಒಂದು ಸಾಲು. "ತುಂಬಾ ಚೆನ್ನಾಗಿದೆ, ಥ್ಯಾಂಕ್ಸ್" ಅಂತ ಉತ್ತರ ಬಂತು. ನಾನು ಹೊಸ ಡಿಸ್ಕ್‌ಗೆ ಒಪ್ಪಿಗೆ ಬರುತ್ತೆ ಅಂತ ಕಾಯುತ್ತಾ ಕೂತೆ, ಅವರು ಕೆಲಸ ಮುಗಿಯಿತು ಅಂದುಕೊಂಡರು. ಒಂಬತ್ತನೇ ವಾರ ಡಿಸ್ಕ್ ತುಂಬಿ ಬ್ಯಾಕಪ್ ನಿಂತಿತು. ಅದರ ಬೆನ್ನಿಗೇ ಒಂದು ಸರ್ವರ್ ಕೆಟ್ಟು ನಾಲ್ಕು ದಿನದ ಕೆಲಸ ಹೋಯಿತು. "ಹೇಳಲೇ ಇಲ್ವಲ್ಲ ನೀವು" ಅಂದರು. ಹೇಳಿದ್ದೆ, 31ನೇ ಪುಟದಲ್ಲಿ!

ತಪ್ಪು ಉದ್ದ ಬರೆದದ್ದಲ್ಲ. ಆ "ಅಭಿಪ್ರಾಯ ತಿಳಿಸಿ" ಅನ್ನೋ ಮಾತೇ ತಪ್ಪು. ಅಭಿಪ್ರಾಯ ಕೇಳಿದರೆ ಥ್ಯಾಂಕ್ಸ್ ಅಂದರೂ ಉತ್ತರವೇ ಅಲ್ವಾ? ಯಾವುದಕ್ಕೆ ಹೂಂ ಅನ್ನಬೇಕು, ಯಾವತ್ತಿನೊಳಗೆ, ಸುಮ್ನಿದ್ದರೆ ಏನಾಗುತ್ತೆ, ಮೂರೂ ಅದರಲ್ಲಿ ಇರಲಿಲ್ಲ. ಸೌಜನ್ಯ ಅಂದುಕೊಂಡು ಬರೆದಿದ್ದೆ. ನಿಜ ಹೇಳಬೇಕೆಂದರೆ, ನೇರವಾಗಿ ಕೇಳೋಕೆ ಹಿಂಜರಿಕೆ.

ಅದೇ ಮೇಲ್ ಹೀಗಿರಬೇಕಿತ್ತು:

ವಿಷಯ: ಬ್ಯಾಕಪ್ ಡಿಸ್ಕ್ ಖರೀದಿ, 18ರೊಳಗೆ ಒಪ್ಪಿಗೆ ಬೇಕು

ಸರ್, ಇನ್ನೊಂದು 4 ಟಿಬಿ ಡಿಸ್ಕ್ ತರಿಸಲು 18ರೊಳಗೆ ನಿಮ್ಮ ಒಪ್ಪಿಗೆ ಬೇಕು. ಇಲ್ಲದಿದ್ದರೆ 9 ವಾರದಲ್ಲಿ ಬ್ಯಾಕಪ್ ನಿಲ್ಲುತ್ತದೆ.
1. ಡಿಸ್ಕ್ ಶೇ 82 ತುಂಬಿದೆ, ವಾರಕ್ಕೆ ಶೇ 2 ಏರುತ್ತಿದೆ (ಪುಟ 31).
2. ಹಳೆಯ ಫೈಲ್ ಅಳಿಸಿದರೆ ಖಾಲಿಯಾಗುವುದು ಶೇ 3 ಮಾತ್ರ (ಪುಟ 33).
3. ಡಿಸ್ಕ್ ತರಿಸಿ ಜೋಡಿಸಲು 6 ವಾರ ಬೇಕು (ಪುಟ 36).

ಎರಡನೆಯದು ಯಾಕೆ ಅಂದರೆ, "ಹಳೇದನ್ನು ಅಳಿಸಿದರೆ ಸಾಲದಾ?" ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಮೂರನೆಯದು ಇಲ್ಲದಿದ್ದರೆ 18ನೇ ತಾರೀಖು ನಾನು ಸುಮ್ನೆ ಹಾಕಿದ ಹಾಗೆ ಕಾಣುತ್ತೆ. ಬ್ಯಾಕಪ್‌ನಿಂದ ಹತ್ತು ಸಲ ಫೈಲ್ ವಾಪಸ್ ತೆಗೆದಾಗ ಎರಡು ಸಲ ಅರ್ಧವೇ ಬಂದಿತ್ತು. ವರದಿಯಲ್ಲಿ ನನಗೆ ಜಾಸ್ತಿ ಇಷ್ಟವಾಗಿದ್ದೂ ಅದೇ. ಆದರೂ ಇಲ್ಲಿ ಬೇಡ. ಡಿಸ್ಕ್ ಕೊಂಡರೂ ಅದು ಸರಿಹೋಗಲ್ಲ, ಅದಕ್ಕೆ ಬೇರೆ ಒಪ್ಪಿಗೆ, ಬೇರೆ ಮೇಲ್. ನಿಮ್ಮ ಸಂಗತಿಗಳನ್ನೂ ಹೀಗೇ ಒಂದೊಂದಾಗಿ ತೆಗೆದು ನೋಡಿ. ತೆಗೆದ ಮೇಲೂ ನೀವು ಕೇಳುವುದು ಅಷ್ಟೇ ಗಟ್ಟಿಯಾಗಿ ನಿಂತರೆ, ಆ ಸಂಗತಿ ವರದಿಯಲ್ಲೇ ಇರಲಿ.

ಸರ್ವರ್ ಕೆಟ್ಟ ಮೇಲೆ ಇದೇ ಮಾದರಿಯಲ್ಲಿ ಹೊಸ ತಾರೀಖು, ಹೊಸ ಅಂಕಿ ಹಾಕಿ ಕಳಿಸಿದೆ. ಹತ್ತು ನಿಮಿಷದಲ್ಲಿ ಫೋನಿಂದಲೇ ಉತ್ತರ ಬಂತು: "ಸರಿ, ತರಿಸಿ." ವರದಿ ಅವರು ತೆರೆದಿರಲಿಕ್ಕಿಲ್ಲ. ಲೆಕ್ಕಪತ್ರದವರು ಮಾತ್ರ 36ನೇ ಪುಟ ನೋಡಿ ಒಂದು ಪ್ರಶ್ನೆ ಕೇಳಿದರು.