ಮೈನಸ್ 6.5 ಪವರ್‌ಗೆ ರಿಮ್‌ಲೆಸ್ ಆಗುತ್ತಾ?

ಪ್ರಶ್ನೆ: ನನ್ನ ಎರಡೂ ಕಣ್ಣಿಗೆ ಮೈನಸ್ 6.5 ಪವರ್. ಗ್ಲಾಸು ದಪ್ಪ ಕಾಣುತ್ತೆ ಅಂತ ಬೇಜಾರು. ರಿಮ್‌ಲೆಸ್ ಅಥವಾ ಹಾಫ್ ರಿಮ್ ಹಾಕಬಹುದಾ? ದಿನಾ ಬೈಕ್ ಓಡಿಸ್ತೀನಿ, ಬಾಳಿಕೆಯೂ ಬೇಕು.

ಉತ್ತರ: ನಿಮಗೆ ಫುಲ್ ರಿಮ್ಮೇ ಸರಿ. ಅದೂ ಚಿಕ್ಕ ಅಳತೆಯದು.

ಮೈನಸ್ ಲೆನ್ಸ್ ನಡುವೆ ತೆಳ್ಳಗೆ, ಅಂಚಿಗೆ ಹೋದಷ್ಟೂ ದಪ್ಪ. ರಿಮ್‌ಲೆಸ್‌ನಲ್ಲಿ ಆ ಅಂಚನ್ನು ಮುಚ್ಚೋಕೆ ಏನೂ ಇಲ್ಲ. ಪಕ್ಕದಿಂದ ನೋಡಿದವರಿಗೆ ಮೊದಲು ಕಾಣೋದೇ ಅದು. ಸ್ವಲ್ಪ ದಪ್ಪನೆಯ ಪ್ಲಾಸ್ಟಿಕ್ ಫ್ರೇಮ್ ಅಂಚಿನ ಬಹುಪಾಲನ್ನು ಒಳಗೆ ಹುದುಗಿಸಿಬಿಡುತ್ತೆ.

ಆದರೆ ದಪ್ಪವನ್ನು ನಿಜವಾಗಿ ಇಳಿಸೋದು ಫ್ರೇಮಿನ ಅಳತೆ. ಕಡ್ಡಿಯ ಒಳಬದಿಯಲ್ಲಿ 54-18 ಅಂತ ಬರೆದಿರುತ್ತೆ ನೋಡಿ. ಮೊದಲನೆಯದು ಲೆನ್ಸಿನ ಅಗಲ, ಎರಡನೆಯದು ಎರಡು ಲೆನ್ಸಿನ ನಡುವಿನ ಅಂತರ, ಎರಡೂ ಮಿಲಿಮೀಟರಿನಲ್ಲಿ. ನಿಮ್ಮ ಕಣ್ಣುಗಳ ನಡುವಿನ ಅಂತರ, ಅಂದರೆ ಪಿಡಿ, 62 ಮಿಮೀ ಅಂತಿಟ್ಟುಕೊಳ್ಳೋಣ. ಲೆನ್ಸಿನ ಇಂಡೆಕ್ಸ್ ಅನ್ನೋ ಸಂಖ್ಯೆ ಹೆಚ್ಚಿದಷ್ಟೂ ಅದೇ ಪವರ್‌ಗೆ ಲೆನ್ಸ್ ತೆಳ್ಳಗಾಗುತ್ತೆ. ಸ್ಥೂಲ ಲೆಕ್ಕದಲ್ಲಿ 54-18 ಫ್ರೇಮಿಗೆ 1.60 ಇಂಡೆಕ್ಸ್ ಲೆನ್ಸ್ ಹಾಕಿದರೆ ಹೊರ ಅಂಚು 7 ಮಿಮೀ ಬರುತ್ತೆ. ಜಾಸ್ತಿ ದುಡ್ಡು ಕೊಟ್ಟು 1.67 ಹಾಕಿಸಿದರೂ ಇಳಿಯೋದು ಅರ್ಧ ಮಿಲಿಮೀಟರ್ ಅಷ್ಟೇ. ಅದೇ 1.60 ಲೆನ್ಸನ್ನು 48-20 ಫ್ರೇಮಿಗೆ ಹಾಕಿದರೆ ಅಂಚು ಸುಮಾರು 5.5 ಮಿಮೀಗೆ ಬರುತ್ತೆ. ಕಣ್ಣಿನ ಪಾಪೆ ಲೆನ್ಸಿನ ನಡುಮಧ್ಯಕ್ಕೆ ಹತ್ತಿರ ಬಂದಷ್ಟೂ ಒಳ್ಳೆಯದು. ಹಾಗಾಗಿ ಮೊದಲು ಫ್ರೇಮ್ ಆರಿಸಿ, ಇಂಡೆಕ್ಸ್ ಮಾತು ಆಮೇಲೆ.

ಬಾಳಿಕೆಗೆ ನಿಮ್ಮ ಹೆಲ್ಮೆಟ್ಟೇ ಪರೀಕ್ಷೆ. ಹೆಲ್ಮೆಟ್ ಒಳಗೆ ಕನ್ನಡಕ ತೂರಿಸುವಾಗ ಪ್ರತಿ ಸಲ ಕಡ್ಡಿ ಹೊರಕ್ಕೆ ಬಾಗುತ್ತೆ. ರಿಮ್‌ಲೆಸ್‌ನಲ್ಲಿ ಆ ಎಳೆತವೆಲ್ಲ ಲೆನ್ಸಿಗೆ ಕೊರೆದ ಪುಟ್ಟ ತೂತುಗಳ ಮೇಲೆ ಬೀಳುತ್ತೆ. ಮೊದಲು ಸ್ಕ್ರೂ ಸಡಿಲವಾಗಿ ಲೆನ್ಸ್ ಅಲ್ಲಾಡುತ್ತೆ. ಆಮೇಲೆ ತೂತಿನ ಸುತ್ತ ಕೂದಲೆಳೆಯಂಥ ಬಿರುಕು ಏಳುತ್ತೆ. ಬೆಳಕಿಗೆ ಹಿಡಿದು ನೋಡಿದರೆ ಗೊತ್ತಾಗುತ್ತೆ. ಬಿರುಕು ಬಂದ ಮೇಲೆ ರಿಪೇರಿ ಇಲ್ಲ, ಲೆನ್ಸೇ ಬದಲಿಸಬೇಕು. ರಿಮ್‌ಲೆಸ್ಸೇ ಬೇಕು ಅಂದರೆ ಮಾಮೂಲಿ 1.50 ಪ್ಲಾಸ್ಟಿಕ್ ಲೆನ್ಸ್ ಖಂಡಿತ ಬೇಡ, ತೂತಿನ ಹತ್ತಿರ ಬೇಗ ಒಡೆಯುತ್ತೆ. ಟ್ರೈವೆಕ್ಸ್ ಅನ್ನೋ ಗಟ್ಟಿ ಪ್ಲಾಸ್ಟಿಕ್ ಲೆನ್ಸ್ ತೂತು ಕೊರೆದರೂ ಚೆನ್ನಾಗಿ ತಡೆದುಕೊಳ್ಳುತ್ತೆ, ಆದರೆ ಅದರ ಇಂಡೆಕ್ಸ್ 1.53, ನಿಮ್ಮ ಪವರ್‌ಗೆ ದಪ್ಪವಾಗುತ್ತೆ. 1.60 ನಿಮಗೆ ನಡುದಾರಿ.

ಹಾಫ್ ರಿಮ್‌ನಲ್ಲಿ ಕೆಳಗಿನ ಅಂಚಿಗೆ ಗೆರೆ ಕೊರೆದು ನೈಲಾನ್ ದಾರ ಕೂರಿಸ್ತಾರೆ. ನಿಮ್ಮ ಅಂಚು ದಪ್ಪ ಇರೋದರಿಂದ ಗೆರೆಗೆ ಜಾಗ ಧಾರಾಳ. ದಾರ ಹಳತಾದರೆ ಸಡಿಲವಾಗಿ ಲೆನ್ಸ್ ಕಳಚಿ ಬೀಳಬಹುದು, ಆದರೆ ಹೊಸ ದಾರ ಹಾಕಿಸೋದು ಸುಲಭ. ಕೆಳಗೆ ಬಿದ್ದರೆ ಮಾತ್ರ ಬರೀ ಅಂಚಿಗೇ ಏಟು.

ಫುಲ್ ರಿಮ್ ಮಾಡಿಸುವಾಗ ಫ್ರೇಮಿನೊಳಗೆ ಕೂರುವ ಲೆನ್ಸಿನ ಅಂಚಿನ ಏಣನ್ನು ಮುಂಭಾಗಕ್ಕೆ ಹತ್ತಿರ ಇಡಲು ಹೇಳಿ. ಆಗ ಉಳಿದ ದಪ್ಪ ಹಿಂದಕ್ಕೆ ಹೋಗುತ್ತೆ, ಎದುರಿನವರಿಗೆ ಕಾಣಲ್ಲ. ಕನ್ನಡಕ ಕೈಗೆ ಬಂದಾಗ ಅಂಗಡಿಯಲ್ಲೇ ಕಡ್ಡಿ ಮಡಚಿ ನೋಡಿ. ಲೆನ್ಸಿನ ಅಂಚು ಅಡ್ಡ ಬಂದು ಕಡ್ಡಿ ಪೂರ್ತಿ ಮಡಚಲಿಲ್ಲ ಅಂದರೆ, ಅಥವಾ ಮೂಗಿನ ಪಕ್ಕ ಅಂಚು ಒತ್ತಿದರೆ, ಅಲ್ಲೇ ವಾಪಸ್ ಕೊಟ್ಟು ಸರಿ ಮಾಡಿಸಿ.