ಆರು ತಿಂಗಳ ಮಗಳ ತೂಕದ ಗೆರೆ ಕೆಳಗಿಳಿದಿದೆ, ಯಾವ ಪುಡಿ ಕೊಡಲಿ?

"ಮಗಳು ಹುಟ್ಟಿದಾಗ 3.7 ಕೆಜಿ ಇದ್ದಳು. 5 ತಿಂಗಳಿಗೆ ಅಂಗನವಾಡಿಯಲ್ಲಿ ಸ್ವೆಟರ್ ಸಮೇತ ತೂಗಿದಾಗ 6.9. ಈಗ 6 ತಿಂಗಳು, ಮಡಿಕೇರಿಯ ಕ್ಲಿನಿಕ್ಕಿನಲ್ಲಿ ಬಟ್ಟೆ ಬಿಚ್ಚಿಸಿ ತೂಗಿದರು, ಮತ್ತೆ ಅದೇ 6.9. ಉದ್ದ 64 ಸೆಂ.ಮೀ. ಚಾರ್ಟಿನಲ್ಲಿ 85ರ ಗೆರೆ ಮೇಲಿದ್ದವಳು 50ರ ಕೆಳಗೆ ಬಂದಿದ್ದಾಳೆ. ಎದೆಹಾಲು ಸಾಲ್ತಿಲ್ಲ ಅಂತಾರೆ ಅತ್ತೆ. ಯಾವ ಹಾಲಿನ ಪುಡಿ ಒಳ್ಳೇದು?"

ಇದೇ ಚಿಂತೆಯಲ್ಲಿ ನಾನೂ ಒಂದು ಮಳೆಗಾಲ ಕಳೆದಿದ್ದೇನೆ. ಈಗ ಮಕ್ಕಳ ವಾರ್ಡಿನಲ್ಲಿ ನರ್ಸ್. ಪುಡಿಯ ಹೆಸರು ಮಾತ್ರ ಹೇಳುವುದಿಲ್ಲ, ಏಕೆಂದರೆ ನೀವು ಬರೆದ ಲೆಕ್ಕದಲ್ಲಿ ಹಾಲು ಕಮ್ಮಿಯಾಗಿದೆ ಅನ್ನುವುದಕ್ಕೆ ಆಧಾರವೇ ಇಲ್ಲ.

ಮೊದಲು ಆ ಸ್ವೆಟರ್. ನಮ್ಮಲ್ಲಿ ಮಳೆ ಹಿಡಿದರೆ ಮಗುವಿಗೆ ಉಣ್ಣೆ ಟೊಪ್ಪಿ, ಸ್ವೆಟರ್, ಕಾಲುಚೀಲ ಎಲ್ಲ ಏರುತ್ತದೆ. ಒಳಗೆ ಒದ್ದೆ ಡೈಪರ್ ಬೇರೆ. ಎಲ್ಲ ಸೇರಿ 400 ಗ್ರಾಂ ಆರಾಮಾಗಿ ಆಗುತ್ತದೆ. ಅದನ್ನು ಕಳೆದರೆ 5 ತಿಂಗಳಲ್ಲಿ ಅವಳ ನಿಜ ತೂಕ ಹತ್ತಿರಹತ್ತಿರ 6.5. ಅಲ್ಲಿಂದ 6.9ಕ್ಕೆ ಬಂದಿದ್ದಾಳೆ, ಅಂದರೆ ದಿನಕ್ಕೆ ಸುಮಾರು 13 ಗ್ರಾಂ. ಮೊದಲ ಮೂರು ತಿಂಗಳು ದಿನಕ್ಕೆ 25–30 ಗ್ರಾಂ ಏರುವ ಮಕ್ಕಳು ಆರು ತಿಂಗಳ ಹೊತ್ತಿಗೆ 10–15 ಗ್ರಾಂಗೆ ಇಳಿಯುತ್ತಾರೆ. ನಿಮ್ಮ ಮಗಳು ಅಷ್ಟರೊಳಗೇ ಇದ್ದಾಳೆ.

ಜೊತೆಗೆ ತಕ್ಕಡಿಯೂ ಬೇರೆ. ಅಂಗನವಾಡಿಯಲ್ಲಿರುವುದು ತೂಗುಹಾಕುವ ಸ್ಪ್ರಿಂಗ್ ತಕ್ಕಡಿಯಾದರೆ ಅದರ ಒಂದೊಂದು ಗೀಟು 100 ಗ್ರಾಂ, ಮಗು ಕಾಲು ಬಡಿದರೆ ಮುಳ್ಳು ನಿಲ್ಲುವುದೇ ಇಲ್ಲ. ವಾರಕ್ಕೆ 80–90 ಗ್ರಾಂ ಏರುವ ಮಗುವನ್ನು ಅದರಲ್ಲಿ ವಾರವಾರ ತೂಗಿದರೆ ಸಿಗುವುದು ತಕ್ಕಡಿಯ ತಪ್ಪು ಮಾತ್ರ. ಮುಂದಿನ ಸಲ ಅದೇ ಕ್ಲಿನಿಕ್ಕಿನ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ, ಡೈಪರ್ ಕೂಡ ಬಿಚ್ಚಿ, ಹಾಲು ಕುಡಿಸುವ ಮೊದಲು ತೂಗಿಸಿ. ಮಗು ಚುರುಕಾಗಿದ್ದರೆ ಮೂರ್ನಾಲ್ಕು ವಾರ ಬಿಟ್ಟು ಸಾಕು.

ಇನ್ನು 85ರಿಂದ ಇಳಿದದ್ದು. ಆ ಸಂಖ್ಯೆ ಪರೀಕ್ಷೆಯ ಮಾರ್ಕ್ಸ್ ಅಲ್ಲ. ಅದೇ ವಯಸ್ಸಿನ 100 ಹೆಣ್ಣುಮಕ್ಕಳಲ್ಲಿ ಇವಳಿಗಿಂತ ಹಗುರ ಇರುವವರು ಎಷ್ಟು ಅಂತ ಅಷ್ಟೇ. ಹುಟ್ಟಿದಾಗಿನ ತೂಕದಲ್ಲಿ ಬಸಿರಿನ ಸ್ಥಿತಿಯ ಪಾಲು ದೊಡ್ಡದು. ಆಮೇಲೆ ಮಗು ಅಪ್ಪ ಅಮ್ಮನಿಂದ ಬಂದ ಮೈಕಟ್ಟಿನ ಕಡೆಗೆ ಜರುಗುತ್ತದೆ, ಎರಡು ವರ್ಷದೊಳಗೆ ಎಷ್ಟೋ ಮಕ್ಕಳು ಹೀಗೆ ಒಂದು ಗೆರೆ ದಾಟಿ ಮೇಲೋ ಕೆಳಗೋ ನೆಲೆಗೊಳ್ಳುತ್ತಾರೆ. ನಿಮ್ಮವಳು ದಾಟಿರುವುದು 50ರ ಒಂದು ಗೆರೆ. 15ರ ಗೆರೆ 6.4 ಕೆಜಿಯಲ್ಲಿದೆ, ಅದಿನ್ನೂ ಕೆಳಗೆ. 64 ಸೆಂ.ಮೀ. ಉದ್ದದ ಹೆಣ್ಣುಮಗುವಿನ ನಡುಮಟ್ಟದ ತೂಕವೇ 6.9. ಉದ್ದಕ್ಕೆ ತಕ್ಕಷ್ಟು ತೂಗುವ ಮಗುವನ್ನು ಸಣಕಲು ಅನ್ನಲಾಗದು. "ಆ ಚಾರ್ಟು ವಿದೇಶದ್ದು" ಅಂತ ಯಾರಾದರೂ ಅಂದರೆ, ವಿಶ್ವ ಆರೋಗ್ಯ ಸಂಸ್ಥೆಯ 2006ರ ಈ ಚಾರ್ಟಿಗೆ ಎದೆಹಾಲು ಕುಡಿದ ಮಕ್ಕಳನ್ನು ಅಳೆದ ಆರು ದೇಶಗಳಲ್ಲಿ ಭಾರತವೂ ಒಂದು.

ತಾಯಿ ಕಾರ್ಡಿನ ಹಸಿರು ಪಟ್ಟಿಯನ್ನೇ ನಂಬಿ ಕೂರಬೇಡಿ. ಅದು ತುಂಬಾ ಅಗಲ. ದೊಡ್ಡದಾಗಿ ಹುಟ್ಟಿದ ಮಗು ಮೇಲಿನ ಅಂಚಿನಿಂದ ಕೆಳಗಿನ ಅಂಚಿಗೆ ಜಾರಿದರೂ ಹಸಿರಲ್ಲೇ ಇರುತ್ತದೆ. ಬಣ್ಣ ಬಿಡಿ, ಚುಕ್ಕೆಗಳು ಹೋಗುತ್ತಿರುವ ದಿಕ್ಕು ನೋಡಿ. ಸರಿಯಾಗಿ ತೂಗಿದ ಮೇಲೂ ಎರಡು ಗೆರೆ ಕೆಳಗೆ ದಾಟಿದರೆ, 3ರ ಗೆರೆಯ ಕೆಳಗೆ ಹೋದರೆ, ಅಥವಾ ಒಂದು ತಿಂಗಳು ಏನೂ ಏರದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಲೇಬೇಕು. ಅಲ್ಲಿ ಉದ್ದ ಮತ್ತು ತಲೆಯ ಸುತ್ತಳತೆಯನ್ನೂ ಗುರುತು ಹಾಕಿಸಿ. ಆಹಾರ ಸಾಲದಿದ್ದರೆ ಮೊದಲು ತೂಕ ಇಳಿಯುತ್ತದೆ, ಬಹಳ ದಿನ ಹಾಗೇ ಬಿಟ್ಟರೆ ಉದ್ದ, ಕೊನೆಗೆ ತಲೆ. ಉದ್ದವೇ ಮೊದಲು ಹಿಂದೆ ಬಿದ್ದಿದ್ದರೆ ಥೈರಾಯ್ಡಿನಂಥ ಬೇರೆ ಕಾರಣ ಹುಡುಕುತ್ತಾರೆ. ಮಂಚದ ಮೇಲೆ ಟೇಪು ಹಿಡಿದು ಅಳೆದ ಉದ್ದ ಲೆಕ್ಕಕ್ಕಿಲ್ಲ. ತಲೆ ಒಬ್ಬರು, ಮಂಡಿ ಒಬ್ಬರು ಹಿಡಿದು ಅಳತೆ ಹಲಗೆಯ ಮೇಲೆ ಅಳೆಯಬೇಕು.

ಹಾಲು ಕುಡಿಯುವಾಗ ಬೆವರುವುದು, ಏದುಸಿರು, ತುಟಿ ನೀಲಿಯಾಗುವುದು, ಹಸಿರು ವಾಂತಿ, ಮಂಕಾಗಿ ಬಿದ್ದಿರುವುದು, ಮೂತ್ರ ತೀರಾ ಕಮ್ಮಿಯಾಗುವುದು: ಇವುಗಳಲ್ಲಿ ಒಂದು ಕಂಡರೂ ಚಾರ್ಟು ಏನೇ ಹೇಳಲಿ, ಅವತ್ತೇ ಆಸ್ಪತ್ರೆಗೆ ಹೊರಡಿ.

ಸದ್ಯಕ್ಕೆ ಪುಡಿಯ ಬಾಟಲಿ ಬೇಡ. ಬಾಟಲಿ ಬಂದಷ್ಟೂ ಮಗು ಚೀಪುವುದು ಕಮ್ಮಿ, ಚೀಪಿದ್ದು ಕಮ್ಮಿಯಾದಷ್ಟೂ ಎದೆಹಾಲು ಕಮ್ಮಿ, ಆಗ ಅತ್ತೆಯ ಮಾತು ನಿಜವಾಗುತ್ತದೆ. ಆರು ತಿಂಗಳಾಗಿದೆ, ಎದೆಹಾಲಿನ ಜೊತೆ ಮೆತ್ತನೆ ಊಟ ಶುರು ಮಾಡಿ. ನೀರು ಗಂಜಿಯಲ್ಲ, ಅದು ಹೊಟ್ಟೆ ತುಂಬಿಸುತ್ತದೆಯೇ ಹೊರತು ತೂಕ ಕೊಡುವುದಿಲ್ಲ. ಚಮಚ ಓರೆ ಮಾಡಿದರೂ ಸುಲಭಕ್ಕೆ ಜಾರದಷ್ಟು ಗಟ್ಟಿಯಾದ ರಾಗಿ ಸರಿ ಅಥವಾ ಅನ್ನ ಬೇಳೆ, ಅದಕ್ಕೆ ಅರ್ಧ ಚಮಚ ತುಪ್ಪ. ದಿನಕ್ಕೆ ಎರಡು ಹೊತ್ತು, ಒಂದು ಹೊತ್ತಿಗೆ ಎರಡು ಮೂರು ಚಮಚದಿಂದ ಆರಂಭ. ಚೆನ್ನಾಗಿ ಬೇಯಿಸಿದ ಮೊಟ್ಟೆಯನ್ನೂ ಮಸೆದು ಕೊಡಬಹುದು. ಮನೆಯಲ್ಲಿ ಒಳ್ಳೆ ಕಾಡುಜೇನಿದ್ದರೂ ವರ್ಷ ತುಂಬುವವರೆಗೆ ನೆಕ್ಕಿಸಬೇಡಿ, ಅದರಿಂದ ಬಾಟುಲಿಸಂ ಎಂಬ ನರ ಕುಗ್ಗಿಸುವ ರೋಗ ಬರಬಹುದು.